ನಾಲ್ಕು ನಿಮಿಷದ ಲೆಕ್ಕ

ಕೊಟ್ಟೂರಿನ ಒಂದು ಮನೆಯಲ್ಲಿ ಸೋಮವಾರ ರಾತ್ರಿ ಎಂಟು ಗಂಟೆಗೆ ನಡೆದ ಸಂಗತಿ ಇದು. ಮನೆಯ ಹಿರಿಯರು ನಿವೃತ್ತ ಗಣಿತದ ಮೇಷ್ಟ್ರು. ಅವರ ಪತ್ನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ದಿನ ಕಳೆದಿತ್ತು. ಒಲೆಯ ಮುಂದೆ ನಿಲ್ಲಬಾರದು, ಹೊಗೆ ಮತ್ತು ಒಗ್ಗರಣೆಯ ಘಾಟು ಕಣ್ಣಿಗೆ ತಾಕಬಾರದು ಎಂದು ವೈದ್ಯರು ಹೇಳಿದ್ದರು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗಳು ಭಾನುವಾರ ಬಂದು, ಮೂರು ದಿನಕ್ಕಾಗುವಷ್ಟು ಬಿಸಿಬೇಳೆ ಭಾತು ಮಾಡಿ, ಮುಕ್ಕಾಲು ಕಿಲೋ ಹಿಡಿಯುವ ಗಾಜಿನ ಬಟ್ಟಲುಗಳಲ್ಲಿ ತುಂಬಿ, ತಂಪು ಪೆಟ್ಟಿಗೆಯಲ್ಲಿಟ್ಟು ಹೋಗಿದ್ದಳು. ಹೋಗುವ ಮುನ್ನ ಒಂದು ಚೀಟಿಯನ್ನೂ ಬರೆದು ಮೈಕ್ರೋವೇವ್ ಒಲೆಯ ಮೇಲೆ ಅಂಟಿಸಿದ್ದಳು: “ಒಂದು ಬಟ್ಟಲಿಗೆ ಪೂರ್ಣ ಶಕ್ತಿಯಲ್ಲಿ 4 ನಿಮಿಷ. ನನ್ನ ಒಲೆ 900 ವ್ಯಾಟ್.”

ಮೇಷ್ಟ್ರು ಚೀಟಿಯನ್ನು ಓದಿದರು. ಓದಿದ್ದಷ್ಟೇ ಅಲ್ಲ, ಗಣಿತದ ಅಭ್ಯಾಸ ಬಿಡಬೇಕಲ್ಲ, ತಮ್ಮ ಒಲೆಯನ್ನು ತಿರುಗಿಸಿ ಅದರ ಬೆನ್ನಿಗೆ ಅಂಟಿದ್ದ ತಗಡಿನ ಪಟ್ಟಿಯನ್ನೂ ನೋಡಿದರು. ಅಲ್ಲಿ 1200 ವ್ಯಾಟ್ ಎಂದು ಅಚ್ಚಾಗಿತ್ತು. ಮಗಳ ಒಲೆ 900, ತಮ್ಮದು 1200. ಅಂದಮೇಲೆ ತಮ್ಮದೇ ಜೋರಿನ ಒಲೆ. 900ನ್ನು 4ರಿಂದ ಗುಣಿಸಿ 1200ರಿಂದ ಭಾಗಿಸಿದರೆ 3. ಅವರು ಮೂರೇ ನಿಮಿಷಕ್ಕೆ ಗುಂಡಿ ತಿರುಗಿಸಿದರು.

ಒಲೆ ಗಂಟೆ ಬಾರಿಸಿತು. ಬಟ್ಟಲಿನ ಅಂಚು ಉಗುರುಬೆಚ್ಚಗಿತ್ತು. ಚಮಚವನ್ನು ನಡುವಿಗೆ ಇಳಿಸಿದರೆ ಭಾತು ಹಿಮದ ಗಡ್ಡೆಯಂತೆ ತಣ್ಣಗಿತ್ತು. ಮೇಷ್ಟ್ರು ಕಲಕದೆ, ಹಾಗೆಯೇ ಮತ್ತೆ ಮೂರು ನಿಮಿಷ ಇಟ್ಟರು. ಈ ಸಲ ಅಂಚಿನ ಭಾತು ಸಿಡಿದು ಮುಚ್ಚಳಕ್ಕೆ ಹಾರಿತ್ತು, ಗಾಜಿಗೆ ಅಂಟಿ ಒಣಗಿತ್ತು. ಕಪ್ಪು ಕನ್ನಡಕ ತೊಟ್ಟು ತಟ್ಟೆಯ ಮುಂದೆ ಕುಳಿತಿದ್ದ ಮನೆಯಾಕೆ ಎರಡು ತುತ್ತು ಬಾಯಿಗಿಟ್ಟು ನಕ್ಕರು.

“ಏನ್ರೀ ಇದು? ಅಂಚೆಲ್ಲ ಕಲ್ಲಾಗೈತಿ, ನಡುವು ಇನ್ನೂ ಫ್ರಿಜ್ಜಿನಾಗ ಐತಿ!”

ಮೇಷ್ಟ್ರಿಗೆ ನಗು ಬರಲಿಲ್ಲ. ಲೆಕ್ಕ ತಪ್ಪಿದ್ದು ಎಲ್ಲಿ ಎಂಬುದು ಅವರಿಗೆ ತಿಳಿಯಬೇಕಾಗಿತ್ತು. ಮೇಲಾಗಿ ಇದು ಬರಿಯ ರುಚಿಯ ಮಾತೂ ಆಗಿರಲಿಲ್ಲ. ಅರೆಬೆಚ್ಚಗಿನ ಅನ್ನ ಮತ್ತು ಬೇಳೆಯಲ್ಲಿ ಸೂಕ್ಷ್ಮಜೀವಿಗಳು ಸಾಯುವ ಬದಲು ಸೊಂಪಾಗಿ ಬೆಳೆಯುತ್ತವೆ. ಚೇತರಿಸಿಕೊಳ್ಳುತ್ತಿರುವ ಅರುವತ್ತೆಂಟರ ಜೀವಕ್ಕೆ ಹೊಟ್ಟೆ ಕೆಟ್ಟರೆ ಅದು ನಗುವ ವಿಷಯವಾಗುವುದಿಲ್ಲ.

ಬೆನ್ನಿನ ಅಂಕಿ, ಹೊಟ್ಟೆಯ ಅಂಕಿ

ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಇಂತಹ ಮನೆಗಳು ಈಗ ಅಪರೂಪವಲ್ಲ. ಮಕ್ಕಳು ದೂರದ ನಗರದಲ್ಲಿರುತ್ತಾರೆ. ಹಬ್ಬಕ್ಕೋ ಗೃಹಪ್ರವೇಶಕ್ಕೋ ಒಂದು ಮೈಕ್ರೋವೇವ್ ಒಲೆಯನ್ನು ತಂದಿಡುತ್ತಾರೆ. ಅಡುಗೆಯ ಕ್ರಮವನ್ನು ಅಲ್ಲಿಂದಲೇ ಬರೆದು ಕಳುಹಿಸುತ್ತಾರೆ. ಒಲೆ ಊರಿಗೆ ಬರುತ್ತದೆ, ಕ್ರಮವೂ ಬರುತ್ತದೆ. ಆದರೆ ಆ ಕ್ರಮದ “4 ನಿಮಿಷ” ಬೇರೊಂದು ಒಲೆಯ ನಾಲ್ಕು ನಿಮಿಷ ಎಂಬುದು ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ.

ಮೇಷ್ಟ್ರ ಮೊದಲನೆಯ ತಪ್ಪು ಅಂಕಿಯದಲ್ಲ, ಅಂಕಿಯ ಅರ್ಥದ್ದು. ಒಲೆಯ ಬೆನ್ನಿನ ಮೇಲಿನ 1200 ವ್ಯಾಟ್ ಎಂಬುದು ಅದು ಗೋಡೆಯ ಪ್ಲಗ್ಗಿನಿಂದ ಎಳೆದುಕೊಳ್ಳುವ ವಿದ್ಯುತ್ತು. ಅದೆಲ್ಲವೂ ಅನ್ನಕ್ಕೆ ಸೇರುವುದಿಲ್ಲ. ಒಲೆಯೊಳಗೆ ಮ್ಯಾಗ್ನೆಟ್ರಾನ್ ಎಂಬ ನಳಿಗೆಯೊಂದಿದೆ. ವಿದ್ಯುತ್ತನ್ನು ಅಲೆಗಳನ್ನಾಗಿ ಪರಿವರ್ತಿಸುವುದು ಅದರ ಕೆಲಸ. ಈ ಪರಿವರ್ತನೆಯಲ್ಲಿ ಸುಮಾರು ಮೂರನೆಯ ಒಂದು ಪಾಲಿಗಿಂತ ಹೆಚ್ಚು ಶಕ್ತಿ ಬರಿಯ ಕಾವಾಗಿ ಸೋರಿಹೋಗುತ್ತದೆ. ಒಲೆಯ ಹಿಂಬದಿಯಿಂದ ಬೀಸುವ ಬಿಸಿಗಾಳಿ ಈ ಸೋರಿಕೆಯೇ. ಆ ನಳಿಗೆಯನ್ನು ತಣಿಸಲೆಂದೇ ಒಳಗೊಂದು ಫ್ಯಾನು ಸದಾ ತಿರುಗುತ್ತಿರುತ್ತದೆ. ಉಳಿದು ಆಹಾರಕ್ಕೆ ತಲಪುವುದು ಏಳುನೂರೋ ಎಂಟುನೂರೋ ವ್ಯಾಟ್ ಮಾತ್ರ. ಗ್ರಿಲ್ ಮತ್ತು ಬಿಸಿಗಾಳಿಯ ಸೌಕರ್ಯವಿರುವ ದೊಡ್ಡ ಒಲೆಗಳಲ್ಲಂತೂ ಎರಡು ಸಾವಿರವನ್ನು ಮೀರಿದ ಅಂಕಿಯೂ ಕಾಣಬಹುದು. ಅದು ಗ್ರಿಲ್ಲಿನ ಸುರುಳಿಗೆ ಸಂಬಂಧಿಸಿದ್ದು; ಅನ್ನವನ್ನು ಬಿಸಿಮಾಡುವ ಅಲೆಗೂ ಅದಕ್ಕೂ ನಂಟಿಲ್ಲ.

ಮಗಳು ಚೀಟಿಯಲ್ಲಿ ಬರೆದ 900 ಹೊರಬರುವ ಶಕ್ತಿ. ಮೇಷ್ಟ್ರು ಓದಿದ 1200 ಒಳಹೋಗುವ ಶಕ್ತಿ. ಒಬ್ಬನ ಸಂಬಳವನ್ನು ಇನ್ನೊಬ್ಬನ ಉಳಿತಾಯದೊಡನೆ ಹೋಲಿಸಿದಂತಾಯಿತು. ಒಲೆಯ ಜೊತೆ ಬಂದ ಕೈಪಿಡಿಯಲ್ಲಿ ಹೊರಬರುವ ಶಕ್ತಿಯ ಅಂಕಿ ಬೇರೆಯಾಗಿಯೇ ಇರುತ್ತದೆ. ಮೇಷ್ಟ್ರು ಅಟ್ಟದಿಂದ ಕೈಪಿಡಿಯನ್ನು ಇಳಿಸಿ ನೋಡಿದಾಗ ಅಲ್ಲಿ ಕಂಡದ್ದು 700.

ಒಂದು ಲೀಟರ್ ನೀರಿನ ಸಾಕ್ಷ್ಯ

ಆದರೆ ಅಚ್ಚಾದ ಅಂಕಿಯಿಂದ ಒಮ್ಮೆ ಮೋಸಹೋದವರು ಮತ್ತೊಂದು ಅಚ್ಚಾದ ಅಂಕಿಯನ್ನು ಸುಲಭವಾಗಿ ನಂಬುತ್ತಾರೆಯೇ? ಒಲೆ ಏನು ಕೊಡುತ್ತದೆಂಬುದನ್ನು ಒಲೆಯಿಂದಲೇ ಕೇಳಿ ತಿಳಿಯುವ ಉಪಾಯವೊಂದಿದೆ. ಅದಕ್ಕೆ ಬೇಕಾದವು ಮೂರೇ ವಸ್ತುಗಳು: ಗಾಜಿನ ಅಗಲ ಬೋಗುಣಿ, ಅಳತೆಮಾಡಿದ ಒಂದು ಲೀಟರ್ ನೀರು ಮತ್ತು ಅಡುಗೆಮನೆಯ ಉಷ್ಣಮಾಪಕ. ಜ್ವರ ನೋಡುವ ಉಷ್ಣಮಾಪಕ ಇಲ್ಲಿ ನಡೆಯದು. ಅದರ ಅಳತೆ 42 ಡಿಗ್ರಿಗೇ ಮುಗಿದುಹೋಗುತ್ತದೆ, ಬಿಸಿನೀರಿಗೆ ಅದ್ದಿದರೆ ಒಡೆದೇಹೋಗಬಹುದು.

ಕೆಲಹೊತ್ತು ಕೋಣೆಯಲ್ಲಿಟ್ಟಿದ್ದ ನೀರನ್ನು ಬೋಗುಣಿಗೆ ಸುರಿದು, ಮರದ ಸೌಟಿನಿಂದ ಕಲಕಿ, ಉಷ್ಣತೆಯನ್ನು ಬರೆದುಕೊಳ್ಳಬೇಕು. ಉಷ್ಣಮಾಪಕವನ್ನು ಹೊರಗೆ ತೆಗೆದಿಟ್ಟು, ಬೋಗುಣಿಯನ್ನು ತಟ್ಟೆಯ ನಡುವೆ ಇಟ್ಟು, ಪೂರ್ಣ ಶಕ್ತಿಯಲ್ಲಿ ಸರಿಯಾಗಿ 2 ನಿಮಿಷ ಕಾಯಿಸಬೇಕು. ಗಂಟೆ ಬಾರಿಸಿದ ಕೂಡಲೇ ಹೊರತೆಗೆದು, ಮತ್ತೆ ಚೆನ್ನಾಗಿ ಕಲಕಿ, ತಡಮಾಡದೆ ಉಷ್ಣತೆಯನ್ನು ನೋಡಬೇಕು. ಕಲಕುವುದನ್ನು ಮರೆತರೆ ಮೇಲಿನ ನೀರಿನ ಬಿಸಿಯೊಂದೇ ತಿಳಿದು ಲೆಕ್ಕ ಕೆಡುತ್ತದೆ. ಒಲೆ ತಣ್ಣಗಿರುವಾಗಲೇ ಈ ಪರೀಕ್ಷೆ ಮಾಡುವುದು ಒಳ್ಳೆಯದು. ಆಗತಾನೆ ಹತ್ತು ನಿಮಿಷ ದುಡಿದ ನಳಿಗೆ ಕಾದಿರುತ್ತದೆ, ಕಾದ ನಳಿಗೆಯ ಶಕ್ತಿ ತುಸು ಕುಗ್ಗಿರುತ್ತದೆ.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4,187 ಜೂಲ್ ಶಕ್ತಿ ಬೇಕು. ಅದನ್ನು 2 ನಿಮಿಷದ 120 ಸೆಕೆಂಡುಗಳಿಗೆ ಹಂಚಿದರೆ ಡಿಗ್ರಿಯೊಂದಕ್ಕೆ ಹೆಚ್ಚುಕಡಮೆ 35 ವ್ಯಾಟ್. ಆದಕಾರಣ ಎಷ್ಟು ಡಿಗ್ರಿ ಏರಿತೋ ಅದನ್ನು 35ರಿಂದ ಗುಣಿಸಿದರೆ ನೀರಿಗೆ ತಲಪಿದ ಶಕ್ತಿ ಎಷ್ಟೆಂದು ತಿಳಿಯುತ್ತದೆ. ಬೋಗುಣಿಯೂ ಸ್ವಲ್ಪ ಬಿಸಿಯನ್ನು ನುಂಗುವುದರಿಂದ ಕೈಪಿಡಿಯ ಅಂಕಿಗಿಂತ ತುಸು ಕಡಮೆಯೇ ಬರುವುದು ಸಹಜ.

ಮಂಗಳವಾರ ಬೆಳಗ್ಗೆ ಮೇಷ್ಟ್ರು ನೀರಿಟ್ಟರು. 28 ಡಿಗ್ರಿಯಿದ್ದುದು 47ಕ್ಕೆ ಏರಿತು. ಏರಿಕೆ 19, ಅಂದರೆ 665 ವ್ಯಾಟ್. ಕೈಪಿಡಿಯ 700ಕ್ಕೆ ಹತ್ತಿರವೇ. ಬೆಂಗಳೂರಿನ ಮಗಳಿಗೂ ಫೋನು ಹೋಯಿತು. ಕಚೇರಿಯಿಂದ ಮನೆಗೆ ಬಂದ ಅವಳೂ ಅದೇ ಕ್ರಮದಲ್ಲಿ ನೀರು ಕಾಯಿಸಿ ತಿಳಿಸಿದಳು: “ಅಪ್ಪಾ, 24 ಇದ್ದದ್ದು 49 ಆಯ್ತು.” ಏರಿಕೆ 25, ಅಂದರೆ 875 ವ್ಯಾಟ್.

ಅಷ್ಟಕ್ಕೆ ಸುಮ್ಮನಿರಬಹುದಾಗಿತ್ತು. ಆದರೆ ಭಾತು ಕೆಟ್ಟದ್ದು ರಾತ್ರಿ, ನೀರು ಅಳೆದದ್ದು ಬೆಳಗ್ಗೆ ಎಂಬುದು ಮೇಷ್ಟ್ರ ನೆನಪಿಗೆ ಬಂತು. ರಾತ್ರಿ ಎಂಟು ಗಂಟೆಗೆ, ಬೀದಿಯ ಮನೆಗಳಲ್ಲೆಲ್ಲ ದೀಪ, ಫ್ಯಾನು, ಟಿ.ವಿ.ಗಳು ಹೊತ್ತಿದ್ದಾಗ ಮತ್ತೊಮ್ಮೆ ನೀರಿಟ್ಟರು. 29 ಡಿಗ್ರಿ ನೀರು 45ಕ್ಕೆ ನಿಂತಿತು. ಏರಿಕೆ 16, ಬರಿಯ 560 ವ್ಯಾಟ್!

ಒಲೆ ಅದೇ, ಬೋಗುಣಿ ಅದೇ, ನೀರು ಅದೇ ಕೊಳಾಯಿಯದು. ಬದಲಾದದ್ದು ಮನೆಗೆ ಬರುವ ವಿದ್ಯುತ್ತಿನ ಒತ್ತಡ. 230 ವೋಲ್ಟ್ ಇರಬೇಕಾದ ಒತ್ತಡ, ತಂತಿಯ ಮೇಲಿನ ಭಾರ ಹೆಚ್ಚಿದ ಹೊತ್ತಿನಲ್ಲಿ ಇಳಿಯುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ಮನೆ ದೂರವಾದಷ್ಟೂ ಇಳಿತ ಹೆಚ್ಚು. ದೀಪವಾದರೆ ಮಂಕಾಗಿ ತನ್ನ ಕಷ್ಟವನ್ನು ಹೇಳಿಕೊಳ್ಳುತ್ತದೆ. ಮೈಕ್ರೋವೇವ್ ಒಲೆ ಹೇಳುವುದಿಲ್ಲ. ಅದರ ಗಡಿಯಾರ ಎಂದಿನಂತೆ ಓಡುತ್ತದೆ, ತಟ್ಟೆ ತಿರುಗುತ್ತದೆ, ಕೊನೆಗೆ ಗಂಟೆಯೂ ಬಾರಿಸುತ್ತದೆ. ಒಳಗಿನ ಅಲೆಯ ಬಲ ಮಾತ್ರ ಕುಗ್ಗಿರುತ್ತದೆ. ಸಂಜೆಯಾದೊಡನೆ ಒತ್ತಡ ಕುಸಿಯುವ ಮನೆಗಳಲ್ಲಿ ಹಗಲಿಗೊಂದು, ರಾತ್ರಿಗೊಂದು ಅಳತೆ ಇಟ್ಟುಕೊಳ್ಳುವುದೇ ಲೇಸು. ಸ್ಟೆಬಿಲೈಸರ್ ಇಡುವುದಾದರೆ ಅದು ಬೆನ್ನಿನ ಅಂಕಿಯನ್ನು, ಅಂದರೆ 1200 ವ್ಯಾಟನ್ನು, ಧಾರಾಳವಾಗಿ ಹೊರಬಲ್ಲದ್ದಾಗಿರಬೇಕು. ತಂಪು ಪೆಟ್ಟಿಗೆಗೆಂದು ತಂದ ಚಿಕ್ಕದು ಸಾಲದು. ಬೆನ್ನಿನ ಅಂಕಿಯ ಉಪಯೋಗ ಇಲ್ಲಿಯೇ, ನಿಮಿಷದ ಲೆಕ್ಕದಲ್ಲಲ್ಲ.

ಗುಣಿಸು, ಭಾಗಿಸು

ಈಗ ಲೆಕ್ಕ ಸುಲಭ. ಅನ್ನಕ್ಕೆ ಬೇಕಾದ ಒಟ್ಟು ಶಕ್ತಿ ಎಲ್ಲ ಊರಿನಲ್ಲಿಯೂ ಒಂದೇ. ಬಲವಾದ ಒಲೆ ಅದನ್ನು ಬೇಗ ಕೊಡುತ್ತದೆ, ದುರ್ಬಲವಾದದ್ದು ನಿಧಾನವಾಗಿ ಕೊಡುತ್ತದೆ. ವ್ಯಾಟಿನವರೆಗೆ ಹೋಗುವ ಅವಶ್ಯಕತೆಯೂ ಇಲ್ಲ, ನೀರಿನ ಡಿಗ್ರಿಗಳೇ ಸಾಕು. ಕ್ರಮ ಬರೆದವರ ಒಲೆಯ ಏರಿಕೆಯನ್ನು ಅವರ ನಿಮಿಷದಿಂದ ಗುಣಿಸಬೇಕು. ಬಂದದ್ದನ್ನು ನಮ್ಮ ಒಲೆಯ ಏರಿಕೆಯಿಂದ ಭಾಗಿಸಬೇಕು.

ಮಗಳ ಒಲೆಯ ಏರಿಕೆ 25, ನಿಮಿಷ 4, ಗುಣಿಸಿದರೆ 100. ಹಗಲಿನ ಕೊಟ್ಟೂರಿಗೆ ಅದನ್ನು 19ರಿಂದ ಭಾಗಿಸಿದರೆ ಐದೂಕಾಲು ನಿಮಿಷ. ರಾತ್ರಿಯ ಕೊಟ್ಟೂರಿಗೆ 16ರಿಂದ ಭಾಗಿಸಿದರೆ ಆರೂಕಾಲು ನಿಮಿಷ. ಮೇಷ್ಟ್ರು ಸೋಮವಾರ ರಾತ್ರಿ ಮೊದಲು ಇಟ್ಟದ್ದು 3 ನಿಮಿಷ. 16ನ್ನು 3ರಿಂದ ಗುಣಿಸಿದರೆ 48. ಬೇಕಾಗಿದ್ದ ನೂರರಲ್ಲಿ ಅರ್ಧವೂ ಭಾತಿಗೆ ಸೇರಿರಲಿಲ್ಲ. ನಡುವು ತಣ್ಣಗಿದ್ದುದರಲ್ಲಿ ಆಶ್ಚರ್ಯವೇನು?

ಉಷ್ಣಮಾಪಕವಿಲ್ಲದ ಮನೆಯಲ್ಲಿ ಇನ್ನೊಂದು ದಾರಿಯುಂಟು. ಒಂದು ಲೋಟ ನೀರಿಗೆ ಮಂಜುಗಡ್ಡೆ ಹಾಕಿ ಕಲಕಿ, ನೀರು ಮಂಜಿನಷ್ಟೇ ತಣ್ಣಗಾದ ಮೇಲೆ ಗಡ್ಡೆಗಳನ್ನು ತೆಗೆದುಬಿಟ್ಟು, ಅಳತೆಯ ಒಂದು ಲೋಟವನ್ನು ಮಾತ್ರ ಒಲೆಯಲ್ಲಿಟ್ಟು ಕುದಿ ಬರುವ ಹೊತ್ತನ್ನು ನೋಡುವುದು. ಎರಡೂವರೆ ನಿಮಿಷದಲ್ಲಿ ಕುದಿ ಬಂದರೆ ಎಂಟುನೂರರ ಸುಮಾರಿನ ಒಲೆ. ಮೂರು ನಿಮಿಷ ದಾಟಿದರೆ ಏಳುನೂರು ಅಥವಾ ಅದಕ್ಕೂ ಕಡಮೆ. ಆ ಲೋಟದಲ್ಲಿ ಮರದ ಕಡ್ಡಿಯೊಂದನ್ನು ನಿಲ್ಲಿಸಿರಬೇಕು. ನುಣುಪಾದ ಗಾಜಿನಲ್ಲಿ ಅಲುಗಾಡದೆ ಕಾದ ನೀರು ಕುದಿಯುವ ಮಟ್ಟವನ್ನು ದಾಟಿಯೂ ಸದ್ದಿಲ್ಲದೆ ನಿಂತಿದ್ದು, ಕೈ ಸೋಕಿದೊಡನೆ ಭುಗಿಲೆಂದು ಉಕ್ಕಿ ಸುಟ್ಟುಬಿಡಬಲ್ಲದು.

ಲೆಕ್ಕ ಸರಿಯಾದರೂ ನಡುವು ತಣ್ಣಗೆ

ಮಂಗಳವಾರ ರಾತ್ರಿ ಆರೂಕಾಲು ನಿಮಿಷ ಇಟ್ಟರು. ಭಾತು ನಿನ್ನೆಗಿಂತ ಎಷ್ಟೋ ಮೇಲು. ಆದರೂ ನಡುವಿನ ಒಂದು ಹಿಡಿ ಇನ್ನೂ ಉಗುರುಬೆಚ್ಚಗೆ. ಇಲ್ಲಿ ತಪ್ಪಿದ್ದು ಲೆಕ್ಕವಲ್ಲ, ಬಟ್ಟಲಿನ ಆಕಾರ.

ಮೈಕ್ರೋವೇವ್ ಒಲೆ ಆಹಾರವನ್ನು ಒಳಗಿನಿಂದ ಬೇಯಿಸುತ್ತದೆ ಎಂಬ ಮಾತು ಜನಜನಿತವಾಗಿದೆ, ಅದು ನಿಜವಲ್ಲ. ಅಲೆಗಳು ಎಲ್ಲ ಬದಿಗಳಿಂದಲೂ ಆಹಾರವನ್ನು ಹೊಕ್ಕು, ನೀರಿನ ಕಣಗಳನ್ನು ಅಲುಗಿಸುತ್ತ, ಹೋದಂತೆ ಹೋದಂತೆ ಸೊರಗುತ್ತವೆ. ನೀರಿನಂಶವುಳ್ಳ ಅಡುಗೆಯಲ್ಲಿ ಎರಡು ಮೂರು ಸೆಂಟಿಮೀಟರು, ಅಂದರೆ ಒಂದು ಅಂಗುಲದ ಸುತ್ತಮುತ್ತ, ಒಳಹೋಗುವಷ್ಟರಲ್ಲಿ ಅವುಗಳ ಬಲದ ಹೆಚ್ಚಿನ ಪಾಲು ಮುಗಿದಿರುತ್ತದೆ. ಉಪ್ಪು ಹೆಚ್ಚಿರುವ ಸಾರು, ಭಾತುಗಳಲ್ಲಿ ಇನ್ನೂ ಮೊದಲೇ ಮುಗಿಯುತ್ತದೆ. ಅಲ್ಲಿಂದ ಒಳಗೆ ಬಿಸಿ ಸಾಗಬೇಕಾದದ್ದು ಹಳೆಯ ಕ್ರಮದಲ್ಲಿಯೇ: ಒಂದು ಅಗುಳಿನಿಂದ ಮತ್ತೊಂದು ಅಗುಳಿಗೆ, ನಿಧಾನವಾಗಿ. ನಾಲ್ಕು ಅಂಗುಲ ಆಳದ ಬಟ್ಟಲಿನ ನಡುವಿಗೆ ಆ ಬಿಸಿ ತಲಪುವ ಮೊದಲೇ ಅಂಚು ಒಣಗಿರುತ್ತದೆ.

ಅದಕ್ಕೆ ಪರಿಹಾರ ಮೂರು. ಮೊದಲನೆಯದು, ಆಳದ ಬಟ್ಟಲಿನ ಬದಲು ಅಗಲವಾದ ಪಾತ್ರೆಯಲ್ಲಿ ಒಂದೂವರೆ ಅಂಗುಲಕ್ಕಿಂತ ಎತ್ತರವಾಗದಂತೆ ಭಾತನ್ನು ಹರಡಿ, ನಡುವೆ ಬೆರಳಿನಿಂದ ಕುಳಿಮಾಡಿದಂತೆ ಜಾಗ ಬಿಡುವುದು. ತಣ್ಣಗುಳಿಯುವ ನಡುವೇ ಅಲ್ಲಿ ಇಲ್ಲವಾಗುತ್ತದೆ. ಎರಡನೆಯದು, ಹೇಳಿದ ಹೊತ್ತಿನ ಅರ್ಧಕ್ಕೆ ನಿಲ್ಲಿಸಿ, ಅಂಚಿನದು ನಡುವಿಗೂ ನಡುವಿನದು ಅಂಚಿಗೂ ಬರುವಂತೆ ಕಲಕುವುದು. ತಂಪಿನಲ್ಲಿ ಗಟ್ಟಿಯಾದ ಭಾತಿಗೆ ಎರಡು ಮೂರು ಚಮಚ ನೀರು ಚಿಮುಕಿಸಿ, ಮುಚ್ಚಳವನ್ನು ಓರೆಯಾಗಿ ಮುಚ್ಚಿದರೆ ಹಬೆಯೂ ಕೆಲಸ ಮಾಡುತ್ತದೆ. ಮೂರನೆಯದು, ಗಂಟೆ ಬಾರಿಸಿದ ಮೇಲೆ ಎರಡು ನಿಮಿಷ ಮುಚ್ಚಿಯೇ ಇಡುವುದು. ಈ ಎರಡು ನಿಮಿಷ ಸೋಮಾರಿತನದ್ದಲ್ಲ, ಅಡುಗೆಯ ಭಾಗವೇ. ಅಂಚಿನ ಬಿಸಿ ನಡುವಿಗೆ ಹರಿದು ಸಮನಾಗುವುದು ಆಗಲೇ.

ಆಯಿತೋ ಇಲ್ಲವೋ ಎಂಬುದನ್ನು ಅಂಚಿನ ಹಬೆ ನೋಡಿ ತೀರ್ಮಾನಿಸಬಾರದು. ನೀರು ಅಳೆದ ಅದೇ ಉಷ್ಣಮಾಪಕವನ್ನು ಈಗ ಭಾತಿನ ನಡುವಿಗೆ ಚುಚ್ಚಬೇಕು. 75 ಡಿಗ್ರಿ ಕಂಡರೆ ಬಡಿಸಬಹುದು. ಕಾಣದಿದ್ದರೆ ಕಲಕಿ, ಒಂದೊಂದೇ ನಿಮಿಷ ಮುಂದುವರಿಸಬೇಕು. ಒಮ್ಮೆಲೇ ಮೂರು ನಿಮಿಷ ಸೇರಿಸುವುದು ಸೋಮವಾರದ ತಪ್ಪನ್ನು ಮತ್ತೆ ಮಾಡಿದಂತೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಧ್ಯಾಹ್ನವೆಲ್ಲ ಅಡುಗೆಮನೆಯ ಸೆಕೆಯಲ್ಲಿ ತೆರೆದಿದ್ದ ಅನ್ನದಲ್ಲಿ ಕೆಲವು ಸೂಕ್ಷ್ಮಜೀವಿಗಳು ವಿಷವನ್ನು ಬಿಟ್ಟಿರುತ್ತವೆ. ಆ ವಿಷ ಎಷ್ಟು ಬಿಸಿಮಾಡಿದರೂ ನಾಶವಾಗುವುದಿಲ್ಲ. ಮಾಡಿದ ಎರಡು ಗಂಟೆಯೊಳಗೆ ತಂಪಿಗೆ ಸೇರಿದ ಅನ್ನಕ್ಕೆ ಮಾತ್ರ ಈ ಲೆಕ್ಕವೆಲ್ಲ ಅನ್ವಯ. ಒಮ್ಮೆ ಬಿಸಿಮಾಡಿ ಉಳಿದದ್ದನ್ನು ಮತ್ತೆ ಬಿಸಿಮಾಡದಿರುವುದೂ ಕ್ಷೇಮ.

ಹರಪನಹಳ್ಳಿಯ ಹೋಳಿಗೆ

ಇದೇ ವಾರ ಹರಪನಹಳ್ಳಿಯಲ್ಲಿ ಇದಕ್ಕೆ ತದ್ವಿರುದ್ಧವಾದ ಸಂಗತಿ ನಡೆಯಿತು. ಮೇಷ್ಟ್ರ ಪತ್ನಿಯ ಅಕ್ಕನ ಮನೆ ಅಲ್ಲಿಯದು. ಅವರ ಹಳೆಯ ಒಲೆ ಕೆಟ್ಟು ಹೊಸತು ಬಂದಿತ್ತು. ಹಳೆಯದು ಕೊಟ್ಟೂರಿನದರಂಥದ್ದೇ, ಹೊಸತು ಬೆಂಗಳೂರಿನದರ ಜೋಡಿ. ಆಕೆ ಎಂದಿನ ಅಭ್ಯಾಸದಂತೆ ಎರಡು ಶೇಂಗಾ ಹೋಳಿಗೆಗಳನ್ನು ಒಂದು ನಿಮಿಷ ಇಟ್ಟರು. ಮೇಲಿನ ಕಣಕ ಬೆಚ್ಚಗಷ್ಟೇ ಆಗಿತ್ತು. ಕಚ್ಚಿದ ಮೊಮ್ಮಗನ ನಾಲಗೆ ಮಾತ್ರ ಸುಟ್ಟು ಹೋಯಿತು. ಒಳಗಿನ ಹೂರಣ ಒಂದೆಡೆ ಕರಿಕಾಗಿತ್ತು.

ನೀರು ಎಷ್ಟೇ ಕಾದರೂ ನೂರು ಡಿಗ್ರಿಯ ಬಳಿ ಹಬೆಯಾಗಿ ಹಾರಿಹೋಗುತ್ತದೆ. ಆದುದರಿಂದ ನೀರಿನಂಶವುಳ್ಳ ಅಡುಗೆ ನೂರನ್ನು ಸುಲಭವಾಗಿ ದಾಟುವುದಿಲ್ಲ. ಬೆಲ್ಲದ ಪಾಕಕ್ಕೂ ಶೇಂಗಾದ ಎಣ್ಣೆಗೂ ಆ ಕಡಿವಾಣವಿಲ್ಲ. ಅವು ನೂರನ್ನು ದಾಟಿ ಏರುತ್ತವೆ. ಹೊರಗಿನ ಒಣ ಕಣಕ ಆ ಬಿಸಿಯನ್ನು ಬೆರಳಿಗೆ ತಿಳಿಯಗೊಡುವುದಿಲ್ಲ.

ನಿಮಿಷದ ಲೆಕ್ಕವನ್ನು ಇಲ್ಲಿಯೂ ಮಾಡಬಹುದು. ಹಳೆಯ ಒಲೆಯ ಏರಿಕೆ 19, ಹೊಸದರದು 25. 60 ಸೆಕೆಂಡಿನ ಬದಲು 45 ಸೆಕೆಂಡು. ಆದರೆ ಬಲವಾದ ಒಲೆಗೆ ಬಂದವರು ಬರಿಯ ಹೊತ್ತನ್ನು ಕಡಿಮೆ ಮಾಡಿದರೆ ಸಾಲದು. ಅಷ್ಟೇ ಶಕ್ತಿ ಕಡಮೆ ಹೊತ್ತಿನಲ್ಲಿ ನುಗ್ಗಿದಾಗ, ಬಿಸಿ ಒಂದೆಡೆಯಿಂದ ಇನ್ನೊಂದೆಡೆಗೆ ಹರಡಲು ಸಮಯವೇ ಇರುವುದಿಲ್ಲ. ಇಲ್ಲಿ ಹೊತ್ತನ್ನಲ್ಲ, ಬಲವನ್ನು ಇಳಿಸಬೇಕು. ಒಲೆಯ ಮೇಲಿನ 80, 60, 30 ಎಂಬ ಶಕ್ತಿಯ ಮಟ್ಟಗಳಿರುವುದು ಇದಕ್ಕಾಗಿಯೇ. 19ನ್ನು 25ರಿಂದ ಭಾಗಿಸಿದರೆ ನೂರಕ್ಕೆ 76. ಹೊಸ ಒಲೆಯನ್ನು 80ರ ಮಟ್ಟಕ್ಕೆ ಇಳಿಸಿದರೆ ಅದು ಹಳೆಯ ಒಲೆಯಂತೆಯೇ ನಡೆದುಕೊಳ್ಳುತ್ತದೆ. ಹಳೆಯ ನಿಮಿಷಗಳನ್ನು ಹೆಚ್ಚು ಬದಲಿಸಬೇಕಾದದ್ದಿಲ್ಲ. ಬೆಲ್ಲದ ತಿನಿಸಿಗೆ ಇನ್ನೂ ಕೆಳಗಿನ ಮಟ್ಟ ಒಳ್ಳೆಯದು.

ಆದರೆ ಈ ಮಟ್ಟಗಳಲ್ಲಿಯೂ ಒಂದು ಗುಟ್ಟಿದೆ. ಸಾಧಾರಣ ಒಲೆಗಳಲ್ಲಿ 50 ಎಂದರೆ ಅಲೆ ಅರ್ಧ ಬಲದಿಂದ ಬೀಸುತ್ತದೆಂದು ಅರ್ಥವಲ್ಲ. ಪೂರ್ಣ ಬಲದಿಂದಲೇ ಕೆಲವು ಸೆಕೆಂಡು ಬೀಸಿ, ಅಷ್ಟೇ ಸೆಕೆಂಡು ನಿಂತುಬಿಡುತ್ತದೆ. ಮತ್ತೆ ಬೀಸುತ್ತದೆ, ಮತ್ತೆ ನಿಲ್ಲುತ್ತದೆ. ದೀಪ ಮತ್ತು ತಟ್ಟೆ ನಿಲ್ಲುವುದಿಲ್ಲವಾದ್ದರಿಂದ ಕಣ್ಣಿಗೆ ಕಾಣದು. ಕಿವಿಗೊಟ್ಟರೆ ಮಾತ್ರ “ಟಕ್” ಎಂಬ ಸದ್ದಿನೊಡನೆ ಗುಂಯ್‌ಗುಡುವ ನಾದ ಏರುವುದೂ ಇಳಿಯುವುದೂ ಕೇಳಿಸುತ್ತದೆ. ಈ ಸುತ್ತು ಇಪ್ಪತ್ತು, ಮೂವತ್ತು ಸೆಕೆಂಡಿನದಾಗಿರುತ್ತದೆ. ಐದು ನಿಮಿಷದ ಅಡುಗೆಯಲ್ಲಿ ಇದು ಸರಿದೂಗುತ್ತದೆ. ಆದರೆ ಒಂದು ಜೋಳದ ರೊಟ್ಟಿಯನ್ನು 50ರ ಮಟ್ಟದಲ್ಲಿ 15 ಸೆಕೆಂಡು ಇಟ್ಟರೆ, ಅದು ಬೀಸುವ ಹೊತ್ತಿಗೆ ಸಿಕ್ಕಿದರೆ ಪೂರ್ಣ ಬಲವನ್ನು ತಿನ್ನುತ್ತದೆ, ನಿಲ್ಲುವ ಹೊತ್ತಿಗೆ ಸಿಕ್ಕಿದರೆ ತಣ್ಣಗೇ ಹೊರಬರುತ್ತದೆ. ಇನ್ವರ್ಟರ್ ಎಂಬ ಹೆಸರಿನ ಒಲೆಗಳು ಮಾತ್ರ ಅಲೆಯ ಬಲವನ್ನೇ ನಿಜವಾಗಿ ಇಳಿಸುತ್ತವೆ. ಅವುಗಳ ನಾದ ಒಂದೇ ಸಮನಾಗಿರುತ್ತದೆ. ತಮ್ಮ ಮನೆಯದು ಯಾವ ಜಾತಿ ಎಂಬುದನ್ನು ಹೀಗೆ ಕಿವಿಯಿಂದಲೇ ಪತ್ತೆಮಾಡಬಹುದು.

ರೊಟ್ಟಿಯ ಮಾತು ಬಂದದ್ದರಿಂದ ಅದನ್ನೂ ಮುಗಿಸಬಹುದು. ಮೆತ್ತನೆಯ ಜೋಳದ ರೊಟ್ಟಿ ಹೆಚ್ಚು ಹೊತ್ತಾದರೆ ಒಲೆಯಿಂದ ತೆಗೆದಾಗ ಮೃದುವಾಗಿಯೇ ಇರುತ್ತದೆ. ಎಣ್ಣೆಗಾಯಿ ಬಡಿಸುವಷ್ಟರಲ್ಲಿ ತೊಗಲಾಗಿರುತ್ತದೆ. ಒಳಗಿನ ನೀರು ಹಬೆಯಾಗಿ ಹೋಗಿ, ಹಿಟ್ಟು ತಣಿಯುತ್ತ ಬಿಗಿಯುವುದೇ ಕಾರಣ. ಅದನ್ನು ಹಸಿ ಬಟ್ಟೆಯಲ್ಲಿ ಸುತ್ತಿ, ಪೂರ್ಣ ಶಕ್ತಿಯಲ್ಲಿ ಹತ್ತು ಸೆಕೆಂಡು ಇಟ್ಟು ಮುಟ್ಟಿನೋಡಿ, ಬೇಕಾದರೆ ಇನ್ನೈದು ಸೆಕೆಂಡು ಕೊಡಬೇಕು. ತೊಗಲಾದದ್ದನ್ನು ಮತ್ತೆ ಒಲೆಗಿಟ್ಟು ಸರಿಪಡಿಸುವುದು ಯಾರಿಂದಲೂ ಆಗದು. ತಣ್ಣಗುಳಿದ ಅಡುಗೆಗೆ ಎರಡನೆಯ ಅವಕಾಶವುಂಟು, ಒಣಗಿದ ಅಡುಗೆಗೆ ಇಲ್ಲ. ಸಂದೇಹವಿದ್ದಾಗ ಕಡಮೆ ಹೊತ್ತೇ ಇಟ್ಟು ನೋಡಬೇಕೆಂಬುದು ಇದರಿಂದ.

ಲೆಕ್ಕದ ಎಲ್ಲೆ

ಡಿಗ್ರಿಯ ಈ ಲೆಕ್ಕ ಒಂದು ಒಲೆಯಿಂದ ಇನ್ನೊಂದು ಒಲೆಗೆ ಹೋಗಲು ಸೇತುವೆ. ಅಡುಗೆಯ ಪ್ರಮಾಣ ಬದಲಾದಾಗ ಅದೇ ಸೇತುವೆ ಪೂರ್ತಿ ಹೊರುವುದಿಲ್ಲ. ಒಂದು ಬಟ್ಟಲಿಗೆ ಆರೂಕಾಲು ನಿಮಿಷವಾದರೆ ಅರ್ಧ ಬಟ್ಟಲಿಗೆ ಮೂರು ನಿಮಿಷ ಸಾಲುವುದಿಲ್ಲ, ಮೂರೂವರೆಯ ಮೇಲೆಯೇ ಬೇಕಾಗಬಹುದು; ಚಿಕ್ಕ ತುತ್ತು ಅಲೆಗಳನ್ನೆಲ್ಲ ಹಿಡಿಯಲಾರದು, ಕೆಲವು ಗೋಡೆಗಳ ನಡುವೆಯೇ ವ್ಯರ್ಥವಾಗುತ್ತವೆ. ಅದೇ ಕಾರಣಕ್ಕೆ ಎರಡು ಬಟ್ಟಲನ್ನು ಒಟ್ಟಿಗೆ ಇಟ್ಟರೆ ಎರಡರಷ್ಟಕ್ಕಿಂತ ತುಸು ಕಡಮೆ ಹೊತ್ತು ಸಾಕಾಗುತ್ತದೆ. ಮಂಜುಗಟ್ಟಿದ ಅಡುಗೆಯ ಕಥೆ ಬೇರೆಯೇ. ಮಂಜುಗಡ್ಡೆ ಅಲೆಗಳನ್ನು ಬಹುಮಟ್ಟಿಗೆ ಹೀರುವುದಿಲ್ಲ, ಕರಗಿದ ನೀರು ಹೀರುತ್ತದೆ. ಪೂರ್ಣ ಶಕ್ತಿಯಿಟ್ಟರೆ ಮೊದಲು ಕರಗಿದ ಮೂಲೆ ಕುದಿಯುತ್ತಿರುವಾಗ ನಡುವು ಕಲ್ಲಾಗಿಯೇ ಇರುತ್ತದೆ. ಅದನ್ನು 30ರ ಮಟ್ಟದಲ್ಲಿ ಕರಗಿಸಿ, ಆಮೇಲೆ ಬಿಸಿಯ ಲೆಕ್ಕ ಹಿಡಿಯಬೇಕು.

ಬುಧವಾರ ರಾತ್ರಿ ಕೊಟ್ಟೂರಿನ ಮನೆಯಲ್ಲಿ ಭಾತು ಅಗಲವಾದ ಗಾಜಿನ ತಟ್ಟೆಗೆ ಇಳಿಯಿತು. ಮೂರು ನಿಮಿಷ, ಕಲಕುವಿಕೆ, ಮತ್ತೆ ಮೂರೂಕಾಲು ನಿಮಿಷ, ಮುಚ್ಚಿ ಎರಡು ನಿಮಿಷ. ನಡುವಿಗೆ ಚುಚ್ಚಿದ ಉಷ್ಣಮಾಪಕ 78 ತೋರಿಸಿತು. ಮನೆಯಾಕೆ ಒಂದು ತುತ್ತು ಬಾಯಿಗಿಟ್ಟು, ಏನೂ ಹೇಳದೆ, ಎರಡನೆಯ ಸಲ ಬಡಿಸಲು ತಟ್ಟೆಯನ್ನು ಮುಂದಕ್ಕೆ ನೂಕಿದರು. ಇದಕ್ಕಿಂತ ಹೆಚ್ಚಿನ ಅಂಕ ಮೇಷ್ಟ್ರಿಗೆ ಬೇಕಾಗಿರಲಿಲ್ಲ.

ಮಗಳ ಚೀಟಿ ಈಗ ಒಲೆಯ ಮೇಲಿಲ್ಲ. ಅಲ್ಲಿ ಮೇಷ್ಟ್ರ ದುಂಡಗಿನ ಅಕ್ಷರದ ಬೇರೊಂದು ಚೀಟಿಯಿದೆ: “ಹಗಲು 19, ರಾತ್ರಿ 16.” ಹರಪನಹಳ್ಳಿಯ ಒಲೆಯ ಮೇಲೆ “25” ಎಂಬ ಒಂದೇ ಅಂಕಿಯ ಚೀಟಿ. ಕೂಡ್ಲಿಗಿಯ ತಮ್ಮನ ಮನೆಗೂ ಹಡಗಲಿಯ ಬೀಗರ ಮನೆಗೂ ಒಂದು ಲೀಟರ್ ನೀರಿನ ಕ್ರಮವನ್ನು ಅವರು ಫೋನಿನಲ್ಲಿಯೇ ಹೇಳಿದ್ದಾರೆ. ಇನ್ನು ಮೇಲೆ ಆ ಬಂಧುಗಳ ನಡುವೆ ಅಡುಗೆಯ ಕ್ರಮವೊಂದು ಓಡಾಡುವಾಗ “ಎಷ್ಟು ನಿಮಿಷ?” ಎಂಬ ಪ್ರಶ್ನೆಗೆ ಮೊದಲು ಇನ್ನೊಂದು ಪ್ರಶ್ನೆ ಬರುತ್ತದೆ: “ನಿಮ್ಮನೀ ನೀರು ಎಷ್ಟು ಏರತೈತಿ?”